ಸ್ಕ್ರೀನ್‌ನಲ್ಲಿ 52 ಕಿ.ಮೀ., ಮೀಟರ್‌ನಲ್ಲಿ 92: ಕುಮಟಾ–ಗೋಕರ್ಣ ಲೈನ್ ಯಾವ ಕ್ರಮದಲ್ಲಿ ಹೊಡೀಬೇಕು?

ಬನ್ನು_ಖಾರಿ (ಕುಮಟಾ)

ಎಲ್ಲರಿಗೂ ನಮಸ್ಕಾರ. ನಮ್ದು ಕುಮಟಾದಲ್ಲಿ ಬೇಕರಿ ಮಾಲಿನ ಸಣ್ಣ ಏಜೆನ್ಸಿ. ಬ್ರೆಡ್ಡು, ಬನ್ನು, ಖಾರಿ, ಟೋಸ್ಟು. ಒಂದು ಸಣ್ಣ ಗೂಡ್ಸ್ ಗಾಡಿ, ಒಬ್ಬ ಡ್ರೈವರ್. ವಾರದಲ್ಲಿ ಆರು ದಿನ ಒಂದೇ ಲೈನು: ಬಾಡ, ಕಾಗಾಲ, ಅಘನಾಶಿನಿ, ಮಿರ್ಜಾನ, ಹಿರೇಗುತ್ತಿ, ಗೋಕರ್ಣ, ತದಡಿ. ಏಳು ಊರು, ಊರಿಗೆ ಎರಡು ಮೂರು ಅಂಗಡಿ.

ಇಷ್ಟು ವರ್ಷ ಡ್ರೈವರ್ ತನಗೆ ತೋಚಿದ ಹಾಗೆ ಹೋಗಿ ಬರ್ತಿದ್ದ. ಕಳೆದ ತಿಂಗಳು ನಮ್ಮ ಅಕ್ಕನ ಮಗ ಬೆಂಗಳೂರಿಂದ ಬಂದವ, "ಮಾವ, ಅಂಗಡಿಗಳ ಕ್ರಮ ಸರಿ ಹಾಕಿದ್ರೆ ಡೀಸೆಲ್ ಉಳೀತದೆ" ಅಂತ ಕಂಪ್ಯೂಟರಿನಲ್ಲಿ ಒಂದು ಹಾಳೆ ಮಾಡಿಕೊಟ್ಟ. ಕ್ರಮ ಡ್ರೈವರ್ ಫೋನಿಗೆ ಹೋಗ್ತದೆ, ಒಟ್ಟು ಕಿ.ಮೀ. ನನ್ನ ಫೋನಿಗೆ ಬರ್ತದೆ. ನನ್ನ ಫೋನಲ್ಲಿ ಬರೋದು 51.5. ಗಾಡಿ ಮೀಟರ್ ನೋಡಿದ್ರೆ ದಿನಾ 92, 93.

ದಿನಕ್ಕೆ 40 ಕಿ.ಮೀ. ಜಾಸ್ತಿ. ತಿಂಗಳಿಗೆ 26 ದಿನ ಹಿಡಿದ್ರೆ ಸಾವಿರ ಕಿ.ಮೀ. ದಾಟ್ತದೆ. ಗಾಡಿ ಲೀಟರಿಗೆ 16 ಕೊಡ್ತದೆ, ಅಂದ್ರೆ 65 ಲೀಟರ್ ಡೀಸೆಲ್. ಡ್ರೈವರ್ ಹತ್ರ ಕೇಳಿದ್ರೆ "ಲಿಸ್ಟಿನಲ್ಲಿ ಇದ್ದಂಗೇ ಹೋಗಿದ್ದೆ" ಅಂತಾನೆ. ಹನ್ನೊಂದು ವರ್ಷದಿಂದ ಇದ್ದವ. ಹೇಗೆ ಕೇಳೋದು ಅಂತ ಗೊತ್ತಾಗ್ತಿಲ್ಲ. ಕ್ರಮ ಹಾಕೋದ್ರಲ್ಲಿ ತಪ್ಪಿದ್ಯಾ, ಗಾಡಿ ಬೇರೆ ಬಾಡಿಗೆಗೆ ಹೋಗ್ತಿದ್ಯಾ?

ಕಾರವಾರ_ಕಡಲು

ಕ್ರಮ ಗಿಮ ಎಲ್ಲ ಬಿಡಿ, ಗಾಡಿಗೆ ಜಿಪಿಎಸ್ ಹಾಕ್ಸಿ. ನಮ್ಮ ಕೊರಿಯರ್ ಗಾಡಿಗೆ ಹಾಕ್ಸಿದ ವಾರದಲ್ಲೇ ಎಲ್ಲ ಗೊತ್ತಾಯ್ತು. ಮಧ್ಯಾಹ್ನ ಎರಡು ತಾಸು ಬಿಣಗಾದಲ್ಲಿ ನಿಂತಿರ್ತಿತ್ತು. ಅವನ ಮಾವನ ಮನೆ.

ಹೊನ್ನಾವರ_ಲೈನ್

ಇದು ಹಳೇ ರೋಗ. ನಿಮ್ಮ ಅಳಿಯ ನೇರ ದೂರ ಹಿಡಿದಿದ್ದಾನೆ. ನಕ್ಷೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ ದೂರ. ಕಾಗೆ ಹಾರೋ ದೂರಕ್ಕೂ ಗಾಡಿ ಓಡೋ ದೂರಕ್ಕೂ ನಮ್ಮ ಕರಾವಳೀಲಿ ಸಂಬಂಧವೇ ಇಲ್ಲ. ಊರಿಗೊಂದು ಹೊಳೆ ಅಡ್ಡ ಬರ್ತದೆ. ಆ ಹಾಳೆ ಬಿಸಾಕಿ. ಲೈನ್ ಹೊಡೆಯೋರಿಗೆ ಒಂದೇ ಸೂತ್ರ: ಈಗ ನಿಂತಲ್ಲಿಂದ ಯಾವುದು ಹತ್ತಿರವೋ ಅಲ್ಲಿಗೆ ಹೋಗು, ಅಲ್ಲಿಂದ ಹತ್ತಿರದ್ದಕ್ಕೆ ಹೋಗು. ನಾನು ಎಂಟು ವರ್ಷದಿಂದ ಹಂಗೇ ಮಾಡ್ತಿದ್ದೆ.

ಗಂಗಾವಳಿ_ದಂಡೆ

ನೇರ ದೂರ ಹಿಡಿದಿದ್ರೆ 51.5 ಕೂಡ ಬರ್ತಿರಲಿಲ್ಲ. ಗೋಕರ್ಣದಿಂದ ಕುಮಟಾಕ್ಕೆ ಗೆರೆ ಎಳೆದ್ರೆ 17 ಕಿ.ಮೀ. ಆಸುಪಾಸು, ರಸ್ತೆ ಮೇಲೆ 30ರ ಮೇಲೆ. ಬನ್ನು ಅವರೆ, ಒಟ್ಟು ಸಂಖ್ಯೆ ನೋಡಿ ಏನೂ ಹೇಳ್ಲಿಕ್ಕೆ ಆಗೋದಿಲ್ಲ. ಡ್ರೈವರ್ ಫೋನಿಗೆ ಹೋಗೋ ಲಿಸ್ಟನ್ನ, ಒಂದೊಂದು ಊರಿಂದ ಮುಂದಿನ ಊರಿಗೆ ಎಷ್ಟು ಕಿ.ಮೀ., ಎಷ್ಟು ನಿಮಿಷ ಅಂತ ಬಿಡಿಸಿ ಇಲ್ಲಿ ಹಾಕಿ. ಅದನ್ನ ನೋಡೋತನಕ ಡ್ರೈವರ್ ಹತ್ರ ಏನೂ ಕೇಳಬೇಡಿ, ದಯವಿಟ್ಟು.

ಅಳಿಯ_ಬೆಂಗಳೂರು

ಮಾವ ಈ ಕೊಂಡಿ ಕಳಿಸಿದ್ರು. ಹಾಳೆ ಮಾಡಿದ್ದು ನಾನೇ. ನೇರ ದೂರ ಅಲ್ಲ, ರಸ್ತೆ ದೂರವೇ. ಓಪನ್ ಸ್ಟ್ರೀಟ್ ಮ್ಯಾಪ್ ನಕ್ಷೆ ಮೇಲೆ ಓಎಸ್‌ಆರ್‌ಎಂ ಅನ್ನೋ ದಾರಿ ಹುಡುಕೋ ತಂತ್ರಾಂಶ ಓಡಿಸಿದ್ದೇನೆ. ಬಿಡಿ ಲೆಕ್ಕ ಇಲ್ಲಿದೆ:

ಕುಮಟಾ → ಬಾಡ 5, ಬಾಡ → ಕಾಗಾಲ 3, ಕಾಗಾಲ → ಅಘನಾಶಿನಿ 3, ಅಘನಾಶಿನಿ → ತದಡಿ 1.5, ತದಡಿ → ಗೋಕರ್ಣ 8, ಗೋಕರ್ಣ → ಹಿರೇಗುತ್ತಿ 13, ಹಿರೇಗುತ್ತಿ → ಮಿರ್ಜಾನ 7, ಮಿರ್ಜಾನ → ಕುಮಟಾ 11. ಒಟ್ಟು 51.5.

ಕ್ರಮದಲ್ಲಿ ತಪ್ಪಿರೋ ಸಾಧ್ಯತೆ ಇಲ್ಲ. ಗೋದಾಮು ಸೇರಿ ಎಂಟೇ ಜಾಗ. ಹತ್ತಕ್ಕಿಂತ ಕಡಿಮೆ ಇದ್ರೆ ಓಎಸ್‌ಆರ್‌ಎಂನ `trip` ಅಂದಾಜು ಮಾಡೋದಿಲ್ಲ, ಸಾಧ್ಯ ಇರೋ ಕ್ರಮ ಎಲ್ಲ ಹಾಕಿ ನೋಡ್ತದೆ. ಏಳು ಊರಿಗೆ 5040 ಕ್ರಮ. ಅಷ್ಟರಲ್ಲಿ ಅತಿ ಚಿಕ್ಕದು ಇದೇ.

ಬುಲೆಟ್_ಬಾಡ

ಅಘನಾಶಿನಿಯಿಂದ ತದಡಿಗೆ ಒಂದೂವರೆ ಕಿ.ಮೀ.!! ನಿಮ್ಮ ಗಾಡಿ ಈಜ್ತದಾ ಮಾರಾಯ್ರೆ?

ಬನ್ನು_ಖಾರಿ

ಅಯ್ಯೋ ದೇವರೇ. ಈ ಲಿಸ್ಟ್ ನಾನು ಒಂದು ದಿನವೂ ನೋಡಿರಲಿಲ್ಲ. ಒಟ್ಟು ಸಂಖ್ಯೆ ಮಾತ್ರ ನೋಡ್ತಿದ್ದೆ. ಮಧ್ಯದಲ್ಲಿ ಹೊಳೆ ಇದೆಯಲ್ಲ!

ಗಂಗಾವಳಿ_ದಂಡೆ

ಅಳಿಯಂದಿರೆ, ಆ ಒಂದೂವರೆ ಕಿ.ಮೀ.ಗೆ ಎಷ್ಟು ನಿಮಿಷ ತೋರಿಸ್ತಿದೆ?

ಅಳಿಯ_ಬೆಂಗಳೂರು

18 ನಿಮಿಷ. ರಸ್ತೆ ಕೆಟ್ಟದಿರಬೇಕು ಅಂದುಕೊಂಡಿದ್ದೆ.

ಗಂಗಾವಳಿ_ದಂಡೆ

ಹಾಗಾದ್ರೆ ಕಳ್ಳ ಸಿಕ್ಕಿದ. ಒಂದೂವರೆ ಕಿ.ಮೀ.ಗೆ 18 ನಿಮಿಷ ಅಂದ್ರೆ ತಾಸಿಗೆ 5 ಕಿ.ಮೀ. ವೇಗ. ಓಎಸ್‌ಆರ್‌ಎಂನ ಕಾರಿನ ಪ್ರೊಫೈಲಿನಲ್ಲಿ ದೋಣಿ ದಾರಿಗೆ, ಅಂದ್ರೆ ನಕ್ಷೆಯಲ್ಲಿ `route=ferry` ಅಂತ ಗುರುತು ಹಾಕಿರೋ ಗೆರೆಗೆ, ಸುಮ್ಮನೆ ಬಿಟ್ರೆ ಕೊಡೋ ವೇಗ ಅದೇ 5. ಆ ಗೆರೆ ಮೇಲೆ ನಾಲ್ಕು ಚಕ್ರದ ಗಾಡಿಗೆ ಪ್ರವೇಶ ಇಲ್ಲ ಅಂತ ಯಾರೂ ಬರೀದಿದ್ರೆ ಯಂತ್ರಕ್ಕೆ ಅದೂ ಒಂದು ರಸ್ತೆಯೇ. ತದಡಿಯಿಂದ ಅಘನಾಶಿನಿಗೆ ರಸ್ತೆ ಹಿಡಿದು ಬರೋಕೆ 40 ಕಿ.ಮೀ. ಮೇಲೆ, ಮುಕ್ಕಾಲು ತಾಸು ದಾಟ್ತದೆ. 18 ನಿಮಿಷದ ದೋಣಿ ಎದುರಿಗಿರೋವಾಗ ಯಂತ್ರ ಅದನ್ನೇ ಆರಿಸ್ತದೆ. ಅದರ ತಪ್ಪಲ್ಲ.

ಕರಾವಳಿ ಲೈನಿಗೆ ದೂರದ ಕೋಷ್ಟಕ ತೆಗೆಯೋವಾಗ ದೋಣಿ ಬಿಡಿಸಬೇಕು:

```
/table/v1/driving/74.42,14.43;74.35,14.52?annotations=distance,duration&exclude=ferry
```

ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದನ್ನ ಅದಲು ಬದಲು ಮಾಡಿದವರು ಬೇಕಾದಷ್ಟು ಜನ. ಆಗ ಕುಮಟಾ ನಾರ್ವೆ ಆಚೆ ಸಮುದ್ರದಲ್ಲಿ ಹೋಗಿ ಕೂರ್ತದೆ. ಭಾರತದ ನಕ್ಷೆ ಮಾತ್ರ ತುಂಬಿದ್ರೆ ಎಲ್ಲ ಅಂಗಡೀನೂ ಗಡಿಯ ಒಂದೇ ರಸ್ತೆ ತುದಿಗೆ ಅಂಟಿಕೊಂಡು ಕೋಷ್ಟಕ ಪೂರ್ತಿ ಸೊನ್ನೆ ಬರ್ತದೆ. ಅದಾದ್ರೂ ಒಳ್ಳೇದು, ತಪ್ಪು ಅಂತ ತಕ್ಷಣ ಗೊತ್ತಾಗ್ತದೆ. ನಿಮ್ಮ 1.5 ಹಾಗಲ್ಲ, ನೋಡೋಕೆ ಸಭ್ಯ ಸಂಖ್ಯೆ. ಇಂಥದ್ದನ್ನ ಹಿಡಿಯೋಕೆ ಪ್ರತಿ ಜೋಡಿಯ ಕಿ.ಮೀ.ಯನ್ನ ನಿಮಿಷದಿಂದ ಭಾಗಿಸಿ ವೇಗ ನೋಡಿ. ನಡೆಯೋ ವೇಗ ಬಂತು ಅಂದ್ರೆ ಅಲ್ಲಿ ನೀರಿದೆ.

ಅಳಿಯ_ಬೆಂಗಳೂರು

`exclude=ferry` ಹಾಕಿದೆ. ಅಘನಾಶಿನಿ–ತದಡಿ 42 ಅಂತ ಬಂತು. ಒಟ್ಟು 92. ವಿಚಿತ್ರ ಅಂದ್ರೆ ಕ್ರಮ ಮಾತ್ರ ಬದಲಾಗ್ಲೇ ಇಲ್ಲ! ಹೊಸ ಕೋಷ್ಟಕದಲ್ಲೂ ಅತಿ ಚಿಕ್ಕದು ಅದೇ ಕ್ರಮ ಅಂತ ಹೇಳ್ತಿದೆ. ಇನ್ನೂ ಏನೋ ತಪ್ಪಿದೆ ಅನ್ನಿಸ್ತದೆ.

ಗಂಗಾವಳಿ_ದಂಡೆ

ತಪ್ಪಿಲ್ಲ. ಇದರಲ್ಲೇ ವಿಷಯ ಇರೋದು, ಸ್ವಲ್ಪ ಉದ್ದ ಬರೀತೇನೆ.

ನಿಮ್ಮ ಲೈನನ್ನ ನಕ್ಷೆಯಲ್ಲ, ಮರ ಅಂತ ಕಲ್ಪಿಸಿಕೊಳ್ಳಿ. ಬುಡ ಕುಮಟಾ. ಒಂದು ಕೊಂಬೆ ಬಾಡ, ಕಾಗಾಲ ದಾಟಿ ಅಘನಾಶಿನಿಗೆ ಹೋಗಿ ಹೊಳೆ ದಂಡೇಲಿ ಮುಗೀತದೆ, 11 ಕಿ.ಮೀ. ಇನ್ನೊಂದು ಹೆದ್ದಾರಿ ಕೊಂಬೆ: ಮಿರ್ಜಾನಕ್ಕೆ 11, ಅಲ್ಲಿಂದ ಹಿರೇಗುತ್ತಿಗೆ 7, ಮಾದನಗೇರಿಗೆ 3, ಅಲ್ಲಿ ಎಡಕ್ಕೆ ತಿರುಗಿ 6 ಕಿ.ಮೀ. ಹೋದ್ರೆ ತದಡಿ ರಸ್ತೆ ಒಡೆಯೋ ಜಾಗ. ಅಲ್ಲಿಂದ ಗೋಕರ್ಣಕ್ಕೆ 4, ತದಡಿಗೆ 4. ಇವೆಲ್ಲ ನಿಮ್ಮದೇ ಕೋಷ್ಟಕದ ಸಂಖ್ಯೆ. ನಿಮ್ಮ ಲೈನಿನಲ್ಲಿ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಹೋದ ರಸ್ತೆ ಹೋದಲ್ಲಿಂದಲೇ ವಾಪಸ್ ಬರಬೇಕು, ಆಚೆ ದಾಟೋಕೆ ದಾರಿ ಇಲ್ಲ.

ಇಂಥ ಮರದಲ್ಲಿ ಎಲ್ಲ ಊರು ಮುಟ್ಟಿ ಬುಡಕ್ಕೆ ವಾಪಸ್ ಬರೋಕೆ ಪ್ರತಿ ಕೊಂಬೆಯನ್ನೂ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ತುಳೀಲೇಬೇಕು. ಅದಕ್ಕಿಂತ ಕಡಿಮೆ ಬ್ರಹ್ಮ ಬಂದ್ರೂ ಆಗೋದಿಲ್ಲ. ಕೊಂಬೆಗಳನ್ನ ಕೂಡಿಸಿ: 11, ಆಮೇಲೆ 11, 7, 3, 6, 4, 4. ಒಟ್ಟು 46. ಎರಡರಷ್ಟು 92. ಕಂಪ್ಯೂಟರ್ ಬೇಕಾಗಿಲ್ಲ, ಬಿಲ್ ಪುಸ್ತಕದ ಹಿಂದೆ ಬರೆದು ನೋಡಬಹುದು.

ಮತ್ತೆ ಮುಖ್ಯವಾದ ಮಾತು: ಮರದಲ್ಲಿ ಈ 92 ಒಂದೇ ಕ್ರಮಕ್ಕೆ ಬರೋದಲ್ಲ. ಒಂದು ಕೊಂಬೆಗೆ ಹೊಕ್ಕ ಮೇಲೆ ಅಲ್ಲಿಯ ಕೆಲಸ ಪೂರ್ತಿ ಮುಗಿಸಿಯೇ ಹೊರಗೆ ಬಂದ್ರೆ ಯಾವ ಕ್ರಮವಾದ್ರೂ 92ವೇ. ಮೊದಲು ಗೋಕರ್ಣ ಮಾಡಿ, ಮೊದಲು ತದಡಿ ಮಾಡಿ, ಮಿರ್ಜಾನ ಹೋಗುವಾಗ ಮಾಡಿ, ಬರುವಾಗ ಮಾಡಿ. ಅದಕ್ಕೇ ಹಳೇ ಕೋಷ್ಟಕ ತಪ್ಪಿದ್ರೂ ಕ್ರಮ ಸರಿಯಾಗೇ ಬಿತ್ತು. ಅಘನಾಶಿನಿ ಕೊಂಬೆ ತುದಿತನಕ ಮುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗಿದೆ. ಮೀಟರ್ ಕೂಡ ಅದನ್ನೇ ಹೇಳಿದ್ದು. ನಿಮ್ಮ ಡ್ರೈವರ್ ದಿನಾ ಸಾಧ್ಯ ಇರೋದ್ರಲ್ಲೇ ಅತಿ ಕಡಿಮೆ ಓಡಿದ್ದಾನೆ, ಬನ್ನು ಅವರೆ.

ಯಾವಾಗ ಜಾಸ್ತಿ ಆಗ್ತದೆ ಅಂದ್ರೆ ಕೊಂಬೆ ಅರ್ಧಕ್ಕೆ ಬಿಟ್ಟು ಬಂದಾಗ. ಬಾಡ, ಕಾಗಾಲ ಮಾಡಿ, "ಅಘನಾಶಿನಿ ಸಂಜೆ ಮಾಡ್ವಾ" ಅಂತ ಗೋಕರ್ಣಕ್ಕೆ ಹೋದ್ರೆ, ಕುಮಟಾದಿಂದ ಕಾಗಾಲದ 8 ಕಿ.ಮೀ. ಮತ್ತೆರಡು ಸಲ ತುಳಿದ ಹಾಗೆ. 92 ಹೋಗಿ 108.

ಬನ್ನು_ಖಾರಿ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವನ ಹತ್ರ ಬಾಯಿಬಿಟ್ಟು ಕಳ್ಳ ಅಂತ ಹೇಳಿರಲಿಲ್ಲ. ಆದ್ರೆ ಮೊನ್ನೆ ಡೀಸೆಲ್ ಬಿಲ್ ಕೇಳಿದ ರೀತಿ ಅವನಿಗೆ ಗೊತ್ತಾಗಿರ್ತದೆ.

ಹೊನ್ನಾವರ_ಲೈನ್

ಒಪ್ಪಿದೆ, ನೇರ ದೂರ ಅಂದಿದ್ದು ನನ್ನ ತಪ್ಪು. ಆದ್ರೆ ಕೊನೆಗೆ ನನ್ನ ಸೂತ್ರವೇ ಗೆದ್ದಿತಲ್ಲ? ಹತ್ತಿರದ್ದು, ಅದರ ಹತ್ತಿರದ್ದು ಅಂತ ಹೋದ್ರೂ ಬಾಡ, ಕಾಗಾಲ, ಅಘನಾಶಿನಿ, ಆಮೇಲೆ ಮಿರ್ಜಾನ, ಹಿರೇಗುತ್ತಿ ಅಂತಲೇ ಬರ್ತದೆ. ಇಷ್ಟಕ್ಕೆ ಮರ, ಬೇರು ಎಲ್ಲ ಯಾಕೆ?

ಗಂಗಾವಳಿ_ದಂಡೆ

ಇವರ ಲೈನಿನಲ್ಲಿ ಅದೃಷ್ಟಕ್ಕೆ ಸರಿ ಬರ್ತದೆ. ನಿಮ್ಮ ಊರಲ್ಲೇ ಹಾಕಿ ನೋಡುವ. ಹೊನ್ನಾವರ ಬುಡ. ದಕ್ಷಿಣಕ್ಕೆ ಕಾಸರಕೋಡ, ಅದರಾಚೆ ಮಂಕಿ. ಉತ್ತರಕ್ಕೆ ಕರ್ಕಿ, ಹಳದೀಪುರ. ನಿಮ್ಮ ಮೀಟರಿನಲ್ಲಿ ಎಷ್ಟೆಷ್ಟು?

ಹೊನ್ನಾವರ_ಲೈನ್

ನಮ್ಮ ಗೋದಾಮಿಂದ ಕಾಸರಕೋಡ 4, ಮಂಕಿ ಅಂಗಡಿ 15. ಈಚೆ ಕರ್ಕಿ 5, ಹಳದೀಪುರ 9.

ಗಂಗಾವಳಿ_ದಂಡೆ

ಸರಿ. ಮೊದಲು ಹತ್ತಿರದ್ದು ಕಾಸರಕೋಡ, 4. ಅಲ್ಲಿ ನಿಂತು ನೋಡಿದ್ರೆ ಮಂಕಿಗೆ 11, ಕರ್ಕಿಗೆ 9. ನಿಮ್ಮ ಸೂತ್ರದ ಪ್ರಕಾರ ಗಾಡಿ ತಿರುಗಿಸಿ ಶರಾವತಿ ಸೇತುವೆ ವಾಪಸ್ ದಾಟಿ ಕರ್ಕಿಗೆ ಬರಬೇಕು. ಅಲ್ಲಿಂದ ಹಳದೀಪುರ 4. ಈಗ ಉಳಿದಿದ್ದು ಮಂಕಿ ಒಂದೇ, 24 ಕಿ.ಮೀ. ಆಮೇಲೆ ಮನೆಗೆ 15. ಕೂಡಿಸಿ: 56. ಸೇತುವೆ ನಾಲ್ಕು ಸಲ ದಾಟಿದ್ರಿ. ದಕ್ಷಿಣ ಪೂರ್ತಿ ಮುಗಿಸಿ ಉತ್ತರಕ್ಕೆ ಹೋಗಿದ್ರೆ 15 ಮತ್ತೆ 9ರ ಎರಡರಷ್ಟು, 48. ಹತ್ತಿರದ ಸೂತ್ರಕ್ಕೆ ಕೊಟ್ಟ ಬೆಲೆ ದಿನಕ್ಕೆ 8 ಕಿ.ಮೀ. ಕಾಸರಕೋಡ–ಮಂಕಿ ಮಧ್ಯೆ ಇನ್ನೊಂದು ಅಂಗಡಿ ಇದ್ದ ದಿನ ಈ ತೊಂದರೆ ಬರೋದಿಲ್ಲ, ಇಲ್ಲದ ದಿನ ಬರ್ತದೆ. ಹಾಗಾಗಿ ಎಂಟು ವರ್ಷ ಗೊತ್ತಾಗದೇ ಇರೋದೂ ಸಹಜ.

ಹೊನ್ನಾವರ_ಲೈನ್

ನಾನು ಅಷ್ಟು ದಡ್ಡನಲ್ಲ, ಮಂಕಿಗೆ ಹೋಗಿಯೇ ವಾಪಸ್ ಬರ್ತೆ. ಸೂತ್ರ ಹೇಳೋದು ಬೇರೆ, ಹೊಡೆಯೋದು ಬೇರೆ 😀

ಬುಲೆಟ್_ಬಾಡ

ಒಂದು ತಮಾಷೆ ನೋಡಿ. ಆ 51.5 ಸುಳ್ಳಲ್ಲ. ನಾನು ಅದೇ ದಾರೀಲಿ ಹೋಗ್ತೆ, ಬೈಕ್ ಮೇಲೆ. ನಾ ಹತ್ತೋ ದೋಣೀಲಿ ಬೈಕ್ ಏರಿಸ್ತಾರೆ. ಅಘನಾಶಿನೀಲಿ ಹತ್ತಿ ತದಡೀಲಿ ಇಳಿದು ಗೋಕರ್ಣ, ಹಿರೇಗುತ್ತಿ, ಮಿರ್ಜಾನ ನೋಡಿಕೊಂಡು ಮನೆಗೆ. ಐವತ್ತು ಕಿ.ಮೀ. ಪೆಟ್ರೋಲು, ಮೇಲೆ ದೋಣಿ ಬಾಡಿಗೆ. ಬನ್ನು ಹಗುರದ ಮಾಲು ಅಲ್ವಾ, ಬೈಕಿಗೆ ಕಟ್ಟಿ ಕಳಿಸಿ.

ಗಂಗಾವಳಿ_ದಂಡೆ

ಒಳ್ಳೇ ಮಾತು. ದೋಣಿ ಸೇರಿದ ಕೂಡಲೇ ಎರಡು ಕೊಂಬೆಯ ತುದಿ ಕೂಡಿ ಮರ ಹೋಗಿ ಬಳೆ ಆಗ್ತದೆ. ಬಳೆ ಆದ ಮೇಲೆ ಹೋದ ದಾರೀಲೇ ವಾಪಸ್ ಬರೋ ಶಿಕ್ಷೆ ಇಲ್ಲ. ತದಡಿ ಕ್ರಾಸಿಂದ ಗೋಕರ್ಣಕ್ಕೆ ಹೋಗಿ ಬರೋ 4 ಕಿ.ಮೀ. ಮಾತ್ರ ಎರಡು ಸಲ. ಒಂದೇ ನಕ್ಷೆ, ಅವೇ ಏಳು ಊರು, ವಾಹನ ಬೇರೆ ಆದ್ರೆ ಉತ್ತರವೇ ಬೇರೆ. ಅಳಿಯಂದಿರ ಯಂತ್ರ ಬೈಕಿನ ಉತ್ತರವನ್ನ ಗೂಡ್ಸ್ ಗಾಡಿಗೆ ಕೊಟ್ಟಿತ್ತು, ಅಷ್ಟೇ.

ಬನ್ನು_ಖಾರಿ

ಬನ್ನು ಹಗುರ ಹೌದು, ಆದ್ರೆ ಜಾಗ ತಿನ್ನೋ ಮಾಲು. ದಿನಕ್ಕೆ 40 ಕ್ರೇಟ್ ಹೋಗ್ತದೆ, ವಾಪಸ್ ಬರುವಾಗ ಖಾಲಿ ಕ್ರೇಟ್, ಹಳೇ ಮಾಲು. ಬೈಕಿಗೆ ಆಗೋ ಕೆಲಸ ಅಲ್ಲ. ಮೇಲಾಗಿ ಮಳೆಗಾಲದಲ್ಲಿ ಖಾರಿ ಒಂದು ಹನಿ ನೀರು ಕಂಡ್ರೆ ಮುಗೀತು. ಗಾಡಿಗೂ 40 ಕ್ರೇಟ್ ಇಕ್ಕಟ್ಟೇ, ಮೇಲೆ ಹಗ್ಗ ಕಟ್ಟಿ ಕಳಿಸ್ತೇನೆ.

ಗಂಗಾವಳಿ_ದಂಡೆ

ಹಾಗಾದ್ರೆ ಹಗ್ಗ ಯಾಕೆ ಕಟ್ತೀರಿ? ನಿಮ್ಮ 92ರ ಸುತ್ತು ಅಘನಾಶಿನಿ ಮುಗಿಸಿ ಹೆದ್ದಾರಿಗೆ ಹೋಗೋವಾಗ ಕುಮಟಾ ಮೇಲೇ ಹಾದು ಹೋಗ್ತದಲ್ಲ. ಬಾಡ, ಕಾಗಾಲ, ಅಘನಾಶಿನಿಯದ್ದು ಒಂದು ಟ್ರಿಪ್, 22 ಕಿ.ಮೀ. ಗೋದಾಮಿಗೆ ಬಂದು ಖಾಲಿ ಕ್ರೇಟ್ ಇಳಿಸಿ, ಉಳಿದ ಮಾಲು ತುಂಬಿ, ಗೋಕರ್ಣದ ಟ್ರಿಪ್, 70 ಕಿ.ಮೀ. ಒಟ್ಟು ಅದೇ 92. ಒಂದು ಕಿ.ಮೀ. ಕೂಡ ಜಾಸ್ತಿ ಇಲ್ಲ, ಗಾಡಿ ಯಾವಾಗಲೂ ಅರ್ಧ ತುಂಬಿರ್ತದೆ. ಬುಡದಲ್ಲಿ ಎರಡು ಕೊಂಬೆ ಒಡೆದಲ್ಲಿ ಗೋದಾಮಿದ್ರೆ ಈ ಲಾಭ ಪುಕ್ಕಟೆ.

ಬನ್ನು_ಖಾರಿ

ಗೋದಾಮು ಒಳಗಿದೆ, ಹೆದ್ದಾರಿ ಮೇಲಲ್ಲ. ಅರ್ಧ ಕಿ.ಮೀ. ಒಳಗೆ ಬಂದು ಹೋಗಬೇಕು. ಆದ್ರೂ ಇದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಮಾಡಿ ನೋಡ್ತೇನೆ.

ಹಪ್ಪಳದಕ್ಕ (ಶಿರಸಿ)

ನಂದೂ ಒಂದು ಕೇಳ್ತೆ, ಬೇಜಾರು ಮಾಡ್ಕಳಡಿ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಅಂಗಡಿಗಳಿಗೆ ಕೊಡ್ತೆ. ಹದಿನೈದು ದಿನಕ್ಕೊಮ್ಮೆ ನಮ್ಮ ಮನೆಯವರ ಕಾರಿನಲ್ಲಿ ಹೋಗೋದು. ಶಿರಸಿಯಿಂದ ಸಿದ್ದಾಪುರ 36, ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿದು ಕುಮಟಾ ನಮ್ಮ ಲೆಕ್ಕದಲ್ಲಿ 65, ಕುಮಟಾದಿಂದ ದೇವಿಮನೆ ಹತ್ತಿ ಮನೆಗೆ 60. ಮೊದಲು ಕುಮಟಾಕ್ಕೆ ಹೋಗೋದು ಲಾಭವೋ, ಮೊದಲು ಸಿದ್ದಾಪುರವೋ ಅಂತ ಪ್ರತಿ ಸಲವೂ ಮನೇಲಿ ಚರ್ಚೆ.

ಗಂಗಾವಳಿ_ದಂಡೆ

ಅಕ್ಕಾ, ನಿಮ್ಮದು ಮರ ಅಲ್ಲ, ಬಳೆ. ಸುತ್ತಳತೆ 161. ಯಾವ ಕಡೆಯಿಂದ ಶುರು ಮಾಡಿದ್ರೂ 161ವೇ, ಆ ಚರ್ಚೆ ಬಿಡಿ. ಅದರ ಬದಲು ಪೂರ್ತಿ ಸುತ್ತೋದಾ, ಅರ್ಧಕ್ಕೆ ತಿರುಗೋದಾ ಅಂತ ಕೇಳಬೇಕು. ಬಳೆಯಲ್ಲಿ ನಿಮ್ಮ ಮನೆಯನ್ನೂ ಒಂದು ನಿಲುಗಡೆ ಅಂತ ಹಿಡಿದು, ಅಂಗಡಿಯೇ ಇಲ್ಲದ ಅತಿ ಉದ್ದದ ತುಂಡು ಯಾವುದು ನೋಡಿ. ಅದು ಸುತ್ತಳತೆಯ ಅರ್ಧಕ್ಕಿಂತ, ಅಂದ್ರೆ ಎಂಬತ್ತೂವರೆಗಿಂತ ಜಾಸ್ತಿ ಇದ್ರೆ ಆ ತುಂಡು ಬಿಟ್ಟು, ಹೋದ ದಾರೀಲೇ ವಾಪಸ್ ಬನ್ನಿ. ಕಡಿಮೆ ಇದ್ರೆ ಪೂರ್ತಿ ಸುತ್ತಿ.

ಕುಮಟಾ, ಸಿದ್ದಾಪುರ ಎರಡೂ ಇರೋ ದಿನ ಖಾಲಿ ತುಂಡು ಹೆಚ್ಚೆಂದ್ರೆ 65. ಸುತ್ತಿ. ಕುಮಟಾದಿಂದ ಆರ್ಡರ್ ಇಲ್ಲ, ಸಿದ್ದಾಪುರ ದಾಟಿ 20 ಕಿ.ಮೀ.ವರೆಗಿನ ಅಂಗಡಿ ಮಾತ್ರ ಅನ್ನಿ. ಮನೆಯಿಂದ 56 ಆಯ್ತು, ಉಳಿದ 105 ಖಾಲಿ. ತಿರುಗಿ ಬಂದ್ರೆ 112, ಸುತ್ತಿದ್ರೆ 161.

ಹಪ್ಪಳದಕ್ಕ (ಶಿರಸಿ)

ಅಯ್ಯ, ಇಷ್ಟೇಯಾ! ಆದ್ರೆ ದೇವಿಮನೆ ರಸ್ತೆ ಕೆಲಸಕ್ಕೆ ಮುಚ್ಚಿದಾಗ?

ಗಂಗಾವಳಿ_ದಂಡೆ

ಆಗ ಬಳೆ ಒಡೆದು ಕಡ್ಡಿ ಆಗ್ತದೆ. ಸಿದ್ದಾಪುರದ ಮೇಲೆ ಕುಮಟಾಕ್ಕೆ 101, ಬರೋದೂ 101. 202. ಅಂಥ ಸಲ ಕುಮಟಾದ ಆರ್ಡರ್ ಮುಂದಿನ ವಾರಕ್ಕೆ ಹಾಕೋದು ಲಾಭವೇನೋ, ನೀವೇ ನೋಡಬೇಕು. ಇನ್ನೊಂದು: ಇದೆಲ್ಲ ಕಿ.ಮೀ. ಲೆಕ್ಕ. ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿದ್ರೆ ಹತ್ತು ಕಿ.ಮೀ.ಗೆ ಅರ್ಧ ತಾಸು. ಇದೇ ಲೆಕ್ಕವನ್ನ ಕಿ.ಮೀ. ಬದಲು ನಿಮಿಷದಲ್ಲಿ ಮಾಡಿದ್ರೂ ನಡೀತದೆ, ಆದ್ರೆ ನಿಮಿಷ ನಿಮ್ಮ ಗಡಿಯಾರದ್ದಾಗಿರಬೇಕು, ನಕ್ಷೆಯದ್ದಲ್ಲ.

ಕಾರವಾರ_ಕಡಲು

ಈಗ ಅರ್ಥ ಆಗ್ತಿದೆ. 2024ರ ಜುಲೈ 16ರಂದು ಶಿರೂರು ಗುಡ್ಡ ಕುಸಿದಾಗ ನಮ್ಮ ಕಾರವಾರದ ಪಾರ್ಸಲ್ ಎಲ್ಲ ಅಂಕೋಲಾದಲ್ಲೇ ನಿಂತುಬಿಟ್ಟಿತ್ತು. ಮೇಲಿನವರು "ನಿಲುಗಡೆ ಕ್ರಮ ಬದಲಾಯಿಸಿ" ಅಂತ ಫೋನ್ ಮಾಡ್ತಿದ್ರು. ಏನು ಬದಲಾಯಿಸೋದು? ಕಾಂಡವೇ ಕತ್ತರಿಸಿ ಹೋಗಿತ್ತು. ಕೊನೆಗೆ ಕುಮಟಾ ಮಾಲನ್ನ ಯಲ್ಲಾಪುರ, ಶಿರಸಿ ಹತ್ತಿಸಿ ಇಳಿಸಿದ್ವಿ.

ಅಳಿಯ_ಬೆಂಗಳೂರು

ಮರದಲ್ಲಿ ಎಲ್ಲ ಕ್ರಮವೂ 92 ಅಂದ್ರೆ ನನ್ನ ಹಾಳೆಗೆ ಕೆಲಸವೇ ಇಲ್ಲ ಅಂತಾಯ್ತು 🙁 ಮೀಟರ್ 93 ತೋರಿಸೋ ದಿನವೂ ಇದೆಯಲ್ಲ, ಅದು ಯಾಕೆ?

ಗಂಗಾವಳಿ_ದಂಡೆ

ಕೆಲಸ ಇದೆ. ನಿಮ್ಮ ಕೋಷ್ಟಕದಲ್ಲಿ ಊರಿಗೊಂದೇ ಚುಕ್ಕೆ. ಅಂಗಡಿಗೊಂದು ಚುಕ್ಕೆ ಇಡಿ. ಚತುಷ್ಪಥ ಆದ ಮೇಲೆ ಹೆದ್ದಾರಿ ಮಧ್ಯೆ ಡಿವೈಡರ್ ಇದೆ. ಮಿರ್ಜಾನದಲ್ಲೋ ಹಿರೇಗುತ್ತೀಲೋ ಅಂಗಡಿ ಬಲಗಡೆ ಇದ್ರೆ ಮುಂದಿನ ಯೂ ಟರ್ನ್‌ತನಕ ಹೋಗಿ ವಾಪಸ್ ಬರಬೇಕು, ಮತ್ತೆ ಗೋಕರ್ಣದ ಕಡೆ ಮುಖ ಮಾಡೋಕೆ ಇನ್ನೊಂದು ಯೂ ಟರ್ನ್. ಇಲ್ಲಿ ಮರದ ಸ್ವಾತಂತ್ರ್ಯ ಉಪಯೋಗಕ್ಕೆ ಬರ್ತದೆ. ಹೇಗೂ ಹೆದ್ದಾರಿಯನ್ನ ಎರಡು ಸಲ ತುಳಿಯೋರು ನೀವು. ಹೋಗುವಾಗ ಎಡಗಡೆ ಅಂಗಡಿ ಮಾತ್ರ, ಬಲಗಡೆಯದ್ದು ಬರುವಾಗ ಎಡಕ್ಕೇ ಸಿಕ್ತದೆ. ಯೂ ಟರ್ನ್ ಲೆಕ್ಕವೇ ಬೀಳೋದಿಲ್ಲ.

ಆದ್ರೆ ಕೋಡ್ ಬರೆಯೋವಾಗ ಒಂದು ಎಚ್ಚರ. ಅಂಗಡಿಗೊಂದು ಚುಕ್ಕೆ ಇಟ್ಟ ಮೇಲೆ ಜಾಗ ಹತ್ತು ದಾಟ್ತದೆ, ಓಎಸ್‌ಆರ್‌ಎಂ ಎಲ್ಲ ಕ್ರಮ ನೋಡೋದು ಬಿಟ್ಟು ಅಂದಾಜಿಗೆ ಇಳೀತದೆ. ಹಾಗಂತ ನೀವೇ ಒಂದು ತುಂಡನ್ನ ತಿರುವಿಹಾಕಿ ಸುಧಾರಿಸೋ ಕ್ರಮ ಬರೆದ್ರೆ, ತಿರುವಿದ ತುಂಡಿನ ಒಳಗಿನ ದೂರ ಎಲ್ಲ ಮತ್ತೆ ಕೂಡಿಸಬೇಕು. ಡಿವೈಡರ್ ಇದ್ದಲ್ಲಿ ಹೋಗೋ ದೂರ, ಬರೋ ದೂರ ಒಂದೇ ಅಲ್ಲ. ತುದಿ ಎರಡು ಕೊಂಡಿ ಮಾತ್ರ ನೋಡಿ "ಉಳೀತು" ಅಂತ ಹೇಳೋ ಕೋಡ್ ಇಲ್ಲಿ ಸುಳ್ಳು ಹೇಳ್ತದೆ.

ಅಳಿಯ_ಬೆಂಗಳೂರು

ನಾನು ಬರೆದಿಟ್ಟುಕೊಂಡಿದ್ದು ಸರೀ ಅದೇ ಕೋಡ್. ಎರಡು ಕೊಂಡಿ ಮಾತ್ರ ನೋಡ್ತದೆ. ತಿದ್ದುತ್ತೇನೆ.

ಹೊನ್ನಾವರ_ಲೈನ್

ಇದನ್ನ ಪೂರ್ತಿ ಒಪ್ಪೋದಿಲ್ಲ ನಾನು. ಬೆಳಿಗ್ಗೆ ಏಳಕ್ಕೆ ಚಾ ಅಂಗಡಿಗೆ ಬನ್ನು ಮುಟ್ಟಬೇಕು. ಬಲಗಡೆ ಅಂಗಡಿ ಅಂತ ಹತ್ತೂವರೆಗೆ ವಾಪಸ್ ಬರುವಾಗ ಕೊಟ್ರೆ ಅವ ಬೇರೆ ಏಜೆನ್ಸಿ ಮಾಲು ತಗೊಂಡಿರ್ತಾನೆ. ಎರಡು ಕಿ.ಮೀ. ಡೀಸೆಲ್ ಉಳಿಸೋಕೆ ಹೋಗಿ ಗಿರಾಕಿ ಕಳಕೊಂಡಂಗೆ.

ಗಂಗಾವಳಿ_ದಂಡೆ

ಅದು ನ್ಯಾಯವೇ. ಅಂಥ ಅಂಗಡಿ ಎಷ್ಟಿದೆ ಅನ್ನೋದ್ರ ಮೇಲೆ. ಒಂದೇ ಇದ್ರೆ ಯೂ ಟರ್ನ್ ಹೊಡೀಬೇಕು.

ಬನ್ನು_ಖಾರಿ

ಎರಡು ದಿನ ಮಾಡಿ ನೋಡಿ ಬರೀತಿದ್ದೇನೆ. ಲಿಸ್ಟ್ ಹಾಕುವ ಮೊದಲು ಡ್ರೈವರನ್ನ ಕೂರಿಸಿಕೊಂಡು ಈ ಚರ್ಚೆ ಓದಿ ಹೇಳಿದೆ. ದೋಣಿ ವಿಷಯ ಬಂದಾಗ ನಕ್ಕ. "ನಿಮ್ಮ ಲಿಸ್ಟು ಮೊದಲ ದಿನವೇ ನಂಗೆ ಹೊಳೆಗೆ ಇಳಿ ಅಂತ ಹೇಳಿತ್ತು, ನಿಮಗೆ ಗೊತ್ತಿರ್ತದೆ ಅಂದ್ಕಂಡಿದ್ದೆ" ಅಂದ. ಒಂದು ತಿಂಗಳು ಇಬ್ಬರೂ ಇನ್ನೊಬ್ಬರಿಗೆ ಗೊತ್ತಿದೆ ಅಂದುಕೊಂಡೇ ಕಳೆದ್ವಿ.

ಈಗ ಎರಡು ಟ್ರಿಪ್ ಮಾಡಿದ್ದೇವೆ. ಹಗ್ಗ ಬೇಕಾಗ್ಲಿಲ್ಲ. ಎಡಗಡೆ ಬಲಗಡೆ ವಿಷಯ ಹೇಳಿದ್ರೆ, ಅದು ಡಿವೈಡರ್ ಬಂದ ದಿನದಿಂದ ಅವ ಮಾಡ್ತಾನೇ ಇದ್ದನಂತೆ, ಹಿರೇಗುತ್ತಿಯ ಒಂದು ಚಾ ಅಂಗಡಿ ಬಿಟ್ಟು. ಅಲ್ಲಿ ಏಳೂವರೆಗೆ ಬನ್ನು ಬೇಕು, ಅಂಗಡಿ ಬಲಕ್ಕೆ. ಮೊದಲು ಹಿಂದಿನ ಸಂಜೆ ಮಾಲು ಇಳಿಸ್ತಿದ್ದ, ತಾಜಾ ಇಲ್ಲ ಅಂತ ಗಲಾಟೆ ಆದ ಮೇಲೆ ಬೆಳಿಗ್ಗೆ ಯೂ ಟರ್ನ್ ಹೊಡೀತಾನೆ. 93 ಬರೋದು ಆ ಅಂಗಡಿ ಆರ್ಡರ್ ಇರೋ ದಿನ.

ಬುಲೆಟ್_ಬಾಡ

ಆ ಒಂದು ಅಂಗಡಿಗೆ ಬೇಕಾದ್ರೆ ನಾ ಬೈಕಲ್ಲಿ ಹಾಕ್ತೆ, ಹೇಗೂ ಬೆಳಿಗ್ಗೆ ಆ ಕಡೆ ಹೋಗೋದಿದ್ದೇ ಇದೆ. ದಿನಕ್ಕೆ ಎರಡು ಖಾರಿ ಪ್ಯಾಕೆಟ್ ಕೊಡಿ.

ಬನ್ನು_ಖಾರಿ

ಒಂದು ಪ್ಯಾಕೆಟ್. ಒಂದು ಕಿ.ಮೀ. ಡೀಸೆಲ್‌ಗೆ ಎರಡು ಪ್ಯಾಕೆಟ್ ಗಿಟ್ಟೋದಿಲ್ಲ ಮಾರಾಯ.